ಗಡಿಯಾರಕ್ಕೆ ಸುಣ್ಣ: ಅಸಂಬದ್ಧ ಪದ್ಯದ ಲೆಕ್ಕಾಚಾರ

ಮಕ್ಕಳಿಗಾಗಿ ಬರೆದ ಪದ್ಯಗಳನ್ನು ತಿದ್ದುವುದು ನನ್ನ ಕಸುಬು. ಬೆಂಗಳೂರಿನ ಶಾಲಾ ಶಿಕ್ಷಕರಿಗಾಗಿ ನಡೆಸುವ ಪದ್ಯರಚನಾ ಶಿಬಿರಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಒಂದೇ ತಪ್ಪು ನಂಬಿಕೆ. ಅಸಂಬದ್ಧ ಪದ್ಯವೆಂದರೆ ಅರ್ಥದ ಹಂಗಿಲ್ಲ, ಆದ್ದರಿಂದ ಛಂದಸ್ಸಿನ ಹಂಗೂ ಇಲ್ಲ ಎಂದು ಅನೇಕರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಗಂಭೀರ ಭಾವಗೀತೆಯಲ್ಲಿ ಒಂದು ಮಾತ್ರೆ ಏರುಪೇರಾದರೆ ಓದುಗರು ಕ್ಷಮಿಸುತ್ತಾರೆ, ಆದರೆ ಅಸಂಬದ್ಧ ಪದ್ಯದಲ್ಲಿ ಅದೇ ತಪ್ಪು ಇಡೀ ಪದ್ಯವನ್ನು ಕೆಡಿಸುತ್ತದೆ. ಇದು ಹೇಗೆ ಎಂಬುದನ್ನು ಒಂದು ಲಿಮರಿಕ್ಕನ್ನು ಬಿಡಿಸಿ ನೋಡಿಯೇ ತಿಳಿಯಬೇಕು. ಶಿಬಿರಗಳಲ್ಲಿ ಉದಾಹರಣೆಗೆಂದು ನಾನು ಬರೆದುಕೊಂಡದ್ದು ಇದು:

ಬಸವನಗುಡಿಯಲಿ ರಂಗಣ್ಣ
ಗಡಿಯಾರಕೆ ಬಳಿದನು ಸುಣ್ಣ
ಗಂಟೆಯೆ ತೋರದು
ಹೊತ್ತೂ ಸೋರದು
ತಮ್ಮನೆ ಆದನು ಹಿರಿಯಣ್ಣ

ಮೊದಲು ಅಳತೆಯ ಮಾತು. ಐದು ಸಾಲುಗಳಲ್ಲಿ ಒಂದು, ಎರಡು, ಐದನೆಯವು ಉದ್ದ ಸಾಲುಗಳಾಗಿ ಒಂದು ಪ್ರಾಸವನ್ನೂ, ಮೂರು ಮತ್ತು ನಾಲ್ಕನೆಯವು ಗಿಡ್ಡ ಸಾಲುಗಳಾಗಿ ಇನ್ನೊಂದು ಪ್ರಾಸವನ್ನೂ ಹೊಂದಿರುವುದು ಲಿಮರಿಕ್ಕಿನ ಕಟ್ಟು. ಎಡ್ವರ್ಡ್ ಲಿಯರ್ 1846ರಲ್ಲಿ ಪ್ರಕಟಿಸಿದ ಸಂಕಲನದಿಂದ ಈ ರೂಪ ಇಂಗ್ಲಿಷಿನಲ್ಲಿ ಮನೆಮಾತಾಯಿತು, ಆತ ಮಾತ್ರ ತನ್ನ ಪದ್ಯಗಳನ್ನು ಲಿಮರಿಕ್ ಎಂದು ಕರೆಯಲಿಲ್ಲ. ಇಂಗ್ಲಿಷಿನ ಉದ್ದ ಸಾಲಿನಲ್ಲಿ ಮೂರು ಪೆಟ್ಟುಗಳಿದ್ದು, ನಾಲ್ಕನೆಯ ಪೆಟ್ಟು ಬೀಳಬೇಕಾದ ಕಡೆ ಮೌನವಿರುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಹೊತ್ತ ಕನ್ನಡದ ಪದಗಳು ಅಷ್ಟು ಕಿರಿದಾದ ಜಾಗದಲ್ಲಿ ಹಿಡಿಸುವುದಿಲ್ಲವಾದ್ದರಿಂದ, ನಾನು ಉದ್ದ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣಗಳನ್ನೂ ಕೊನೆಗೊಂದು ಗುರುವನ್ನೂ, ಗಿಡ್ಡ ಸಾಲಿಗೆ ನಾಲ್ಕು ಮಾತ್ರೆಯ ಎರಡು ಗಣಗಳನ್ನೂ ಇಟ್ಟುಕೊಳ್ಳುತ್ತೇನೆ. ಶರ ಷಟ್ಪದಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅದರ ಗಿಡ್ಡ ಸಾಲುಗಳಲ್ಲಿ ಇದೇ ಎರಡು ಗಣಗಳಿವೆ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಇದೇ ಮೂರು ಗಣಗಳೂ ಮೇಲೊಂದು ಗುರುವೂ ಇವೆ. ಜೋಡಣೆಯ ಕ್ರಮವಷ್ಟೇ ಬೇರೆ. ಆಮದು ಸರಕೆಂದು ಲಿಮರಿಕ್ಕನ್ನು ದೂರವಿಡುವವರು ಈ ಹೊಂದಾಣಿಕೆಯನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪದ್ಯಕ್ಕೆ ಪ್ರಸ್ತಾರ ಹಾಕಿದರೆ ಬಸವನ, ಗುಡಿಯಲಿ, ರಂಗಣ್ ಎಂದು ನಾಲ್ಕು ನಾಲ್ಕು ಮಾತ್ರೆಗಳಾಗಿ ಒಡೆದು, ಸಾಲಿನ ತುದಿಯ ಅಕ್ಷರ ಗುರುವಾಗಿ ನಿಲ್ಲುತ್ತದೆ. ಎರಡನೆಯ ಸಾಲು ಗಡಿಯಾ, ರಕೆಬಳಿ, ದನುಸುಣ್ ಎಂದು ಒಡೆಯುತ್ತದೆ. ಇಲ್ಲಿ ಪದಗಳ ಗಡಿಯೂ ಗಣಗಳ ಗಡಿಯೂ ಕೂಡುವುದಿಲ್ಲ. ಪದ ಒಂದು ಕಡೆಗೂ ತಾಳ ಇನ್ನೊಂದು ಕಡೆಗೂ ಎಳೆಯುವ ಈ ಜಗ್ಗಾಟ ಸಾಲಿಗೆ ಒಂದು ತುಂಟತನವನ್ನು ಕೊಡುತ್ತದೆ. ಈಗ ‘ಬಳಿದನು’ ಎಂಬುದರ ಬದಲು ‘ಹಚ್ಚಿದನು’ ಎಂದು ಹಾಕಿ ನೋಡಿ. ಅರ್ಥ ಬಹುಮಟ್ಟಿಗೆ ಅದೇ, ಆದರೆ ಮೂರನೆಯ ಗಣ ಚಿದನುಸುಣ್ ಎಂದಾಗಿ ಐದು ಮಾತ್ರೆಗೆ ಹಿಗ್ಗುತ್ತದೆ. ಚಪ್ಪಾಳೆ ತಟ್ಟುತ್ತ ಹೇಳುತ್ತಿರುವ ಮಗು ಅಲ್ಲಿ ತಡವರಿಸುತ್ತದೆ. ತಡವರಿಸಿದ ಕೂಡಲೇ ಕೇಳುವ ಪ್ರಶ್ನೆ ಮಾತ್ರೆಯ ಕುರಿತದ್ದಲ್ಲ, ‘ಗಡಿಯಾರಕ್ಕೆ ಯಾರಾದರೂ ಸುಣ್ಣ ಹಚ್ಚುತ್ತಾರಾ?’ ಎಂಬುದು.

ನನ್ನ ವಾದವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಲಯ ಬಿಗಿಯಾಗಿದ್ದಷ್ಟು ಹೊತ್ತು ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಏಕೆಂದರೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಕಿವಿಗೆ ಮೊದಲೇ ತಿಳಿದಿರುತ್ತದೆ, ಅದು ಬಿದ್ದಾಗಲೆಲ್ಲ ಹೇಳುವವನ ಮೇಲೆ ನಂಬಿಕೆ ಹೆಚ್ಚುತ್ತದೆ. ನಮ್ಮ ಮಕ್ಕಳು ‘ಕಣ್ಣೆ ಮುಚ್ಚೆ ಕಾಡೆ ಗೂಡೆ’ ಎಂದು ಮೂರು ಮೂರು ಮಾತ್ರೆಯ ನಾಲ್ಕು ಹೆಜ್ಜೆ ಹಾಕಿದ ಮೇಲೆ ಉದ್ದಿನ ಮೂಟೆ ಉರುಳಿಹೋಗುತ್ತದೆ. ಆ ಮೂಟೆ ಯಾರದು, ಏಕೆ ಉರುಳಿತು ಎಂದು ಯಾವ ಮಗುವೂ ಕೇಳಿದ್ದನ್ನು ನಾನು ಕಂಡಿಲ್ಲ. ಕೋಡಗನನ್ನು ಕೋಳಿ ನುಂಗಿತೆಂದು ಶಿಶುನಾಳ ಶರೀಫರು ಹಾಡಿದಾಗಲೂ ಮಾತು ಅಸಂಬದ್ಧವೇ, ಆದರೆ ಅಲ್ಲಿ ಕೇಳುಗರು ತತ್ತ್ವವನ್ನು ಹುಡುಕುತ್ತಾರೆ, ಅದು ಸಿಗುತ್ತದೆ ಕೂಡ. ರಂಗಣ್ಣನ ಸುಣ್ಣದ ಹಿಂದೆ ಏನೂ ಇಲ್ಲ.

ಹಿಂದೆ ಏನೂ ಇಲ್ಲದಿದ್ದರೂ ಮುಂದೆ ಒಂದು ಕ್ರಮವಿದೆ. ಆ ಕ್ರಮವನ್ನು ಹುಟ್ಟಿಸಿದ್ದು ಪ್ರಾಸ. ರಂಗಣ್ಣನಿಗೆ ಪ್ರಾಸ ಹುಡುಕಿದಾಗ ಬಣ್ಣ, ಸಣ್ಣ, ಸುಣ್ಣ ಎಂಬ ಪದಗಳು ಸಾಲಾಗಿ ಬಂದವು. ಗಡಿಯಾರಕ್ಕೆ ಬಣ್ಣ ಬಳಿಯುವುದು ಲೋಕದಲ್ಲಿ ನಡೆಯಬಹುದಾದ ಕೆಲಸ, ಆದ್ದರಿಂದ ಅದನ್ನು ಬಿಟ್ಟೆ. ಸುಣ್ಣ ಬಳಿಯುವುದು ಗೋಡೆಗೆ. ಹಾಗಾಗಿ ಗಡಿಯಾರ ಗೋಡೆಯ ಗುಣವನ್ನು ಪಡೆಯಿತು, ಗೋಡೆಯ ಮುಖ್ಯ ತೊಂದರೆ ಸೋರುವುದಾದ್ದರಿಂದ ಹೊತ್ತು ಸೋರುವ ವಸ್ತುವಾಯಿತು. ಹೊತ್ತು ಸೋರದೆ ನಿಂತರೆ ರಂಗಣ್ಣನಿಗೆ ವಯಸ್ಸಾಗುವುದಿಲ್ಲ, ಸುಣ್ಣ ಬಳಿಯದ ತಮ್ಮನಿಗೆ ಆಗುತ್ತದೆ, ಒಂದು ದಿನ ತಮ್ಮನೇ ಹಿರಿಯನಾಗುತ್ತಾನೆ. ಒಪ್ಪಲಾಗದ ಹೆಜ್ಜೆ ಮೊದಲನೆಯದೊಂದೇ, ಉಳಿದವು ಅದರಿಂದ ತಾವಾಗಿ ಹೊರಡುತ್ತವೆ. ಸಾಲಿಗೊಂದು ಹೊಸ ವಿಚಿತ್ರವನ್ನು ತುರುಕುವ ಪದ್ಯಗಳು, ಆನೆಗೆ ರೆಕ್ಕೆ, ಮೀನಿಗೆ ಕೊಡೆ, ಚಂದ್ರನಿಗೆ ಚಡ್ಡಿ ಎಂಬಂಥವು, ನಗು ತರದೆ ದಣಿಸುವುದಕ್ಕೆ ಕಾರಣ ಈ ಸರಪಳಿ ಇಲ್ಲದಿರುವುದು.

ಕನ್ನಡದಲ್ಲಿ ಅಂತ್ಯಪ್ರಾಸದ ಒಂದು ಅಪಾಯವನ್ನೂ ಇಲ್ಲಿ ಹೇಳಬೇಕು. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಬಂದನು, ಹೋದನು, ತಿಂದನು ಎಂಬ ಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಪುಕ್ಕಟೆ ಪ್ರಾಸದಲ್ಲಿ ಅಚ್ಚರಿ ಇಲ್ಲ, ಅದು ಹೊಸ ತರ್ಕವನ್ನೂ ಹುಟ್ಟಿಸುವುದಿಲ್ಲ. ಗಿಡ್ಡ ಸಾಲುಗಳು ಮೊದಲು ‘ಗಂಟೆಯೆ ಕಾಣದು, ಹೊತ್ತೂ ಹೋಗದು’ ಎಂದಿದ್ದವು. ಮಾತ್ರೆ ಸರಿಯಾಗಿಯೇ ಇತ್ತು, ಆದರೆ ಎರಡನ್ನೂ ಬೆಸೆದದ್ದು ಕೊನೆಯ ‘ದು’ ಮಾತ್ರ. ಪ್ರತ್ಯಯಕ್ಕೂ ಹಿಂದಿನ ಧಾತುವಿನಲ್ಲಿ ಪ್ರಾಸ ಕೂಡಬೇಕೆಂಬ ನಿಯಮವಿಟ್ಟುಕೊಂಡು ‘ತೋರದು’ ಎಂದು ಬದಲಿಸಿದ ಮೇಲೆಯೇ ‘ಸೋರದು’ ಕಾಣಿಸಿಕೊಂಡಿತು.

ಐದನೆಯ ಸಾಲನ್ನು ಶಿಬಿರದಲ್ಲಿ ಮರೆಮಾಡಿ, ಶಿಕ್ಷಕರಿಂದಲೇ ಬರೆಸುತ್ತೇನೆ. ಒಬ್ಬ ಶಿಕ್ಷಕಿ ‘ಎಂದನು ಮಿಟುಕಿಸಿ ಬಲಗಣ್ಣ’ ಎಂದು ಬರೆದುಕೊಟ್ಟರು. ಮಾತ್ರೆ ಒಂದೂ ತಪ್ಪಿರಲಿಲ್ಲ, ಪ್ರಾಸವೂ ಗಟ್ಟಿಯಾಗಿತ್ತು.

‘ಮತ್ತೆ ಯಾಕೆ ಸರ್ ನಗು ಬರಲಿಲ್ಲ?’ ಎಂದು ಅವರೇ ಕೇಳಿದರು.

‘ಕಣ್ಣು ಮಿಟುಕಿಸಿದರೆ ತಾನು ತಮಾಷೆ ಮಾಡುತ್ತಿದ್ದೇನೆಂದು ರಂಗಣ್ಣನಿಗೆ ಗೊತ್ತಿದೆ ಎಂದಾಯಿತಲ್ಲ ಮೇಡಂ’ ಎಂದೆ. ಸುಣ್ಣದ ಕೆಲಸವನ್ನು ಅವನು ಪೂರ್ಣ ಗಾಂಭೀರ್ಯದಿಂದ ಮಾಡಿರಬೇಕು, ಹೇಳುವವನೂ ಅದನ್ನು ಅಷ್ಟೇ ಗಾಂಭೀರ್ಯದಿಂದ ವರದಿ ಮಾಡಬೇಕು. ಲಿಯರ್‌ನ ಮುದುಕರು ಸಾಮಾನ್ಯವಾಗಿ ತಮ್ಮ ವಿಚಿತ್ರಕ್ಕೆ ವಿವರಣೆ ಕೊಡುವುದಿಲ್ಲ. ಆತನ ಐದನೆಯ ಸಾಲು ಮಾತ್ರ ಅನೇಕ ಕಡೆ ಮೊದಲ ಸಾಲಿನ ಕೊನೆಯ ಪದಕ್ಕೇ ಮರಳುತ್ತದೆ. ಇಂದಿನ ಕಿವಿಗೆ ಅದು ಸಪ್ಪೆ ಎನ್ನಿಸುವುದರಿಂದ ಅಲ್ಲಿ ತರ್ಕದ ಕೊನೆಯ ಹೆಜ್ಜೆಯನ್ನು ಇಡುವುದೇ ವಾಸಿ.

ಇದೇ ಕಾರಣಕ್ಕೆ ಅಚ್ಚಿಗೆ ಕಳುಹಿಸುವ ಮುನ್ನ ಇಂಥ ಪದ್ಯಗಳ ಕೊನೆಯಲ್ಲಿರುವ ಆಶ್ಚರ್ಯಸೂಚಕ ಚಿಹ್ನೆಯನ್ನು ನಾನು ತೆಗೆದುಹಾಕುತ್ತೇನೆ. ಕವಿಗಳು ಒಮ್ಮೊಮ್ಮೆ ಅದನ್ನು ಮರಳಿ ಸೇರಿಸಿ ಕಳುಹಿಸುತ್ತಾರೆ, ಆಗಲೂ ತೆಗೆಯುತ್ತೇನೆ.