ರಜೆಯ ಅರ್ಧ ಅಂದ್ರೆ ಯಾವ ಅರ್ಧ? ಅಪ್ಪನ ವಕೀಲರಿಗೆ ಅಮ್ಮ ಬರೆಯುವ ಪತ್ರದ ಹಿನ್ನೆಲೆ

ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ, ಕೇಸು ನಡೆಯುತ್ತಿದೆ. ಮಗಳಿಗೆ ಏಳು ವರ್ಷ, ಅಮ್ಮನ ಜೊತೆ ಇದ್ದಾಳೆ. ಅಪ್ಪ ತಿಂಗಳಿಗೆ ಎರಡು ಶನಿವಾರ ಬಂದು ಕೆಲವು ಗಂಟೆ ನೋಡಿಕೊಂಡು ಹೋಗುತ್ತಾನೆ. ದಸರಾ ರಜೆ ಹತ್ತಿರ ಬಂತು. ರಜೆಯಲ್ಲಿ ಮಗು ಎಲ್ಲಿರಬೇಕು ಅನ್ನುವ ಪ್ರಶ್ನೆ ಎದ್ದಾಗ ಅಮ್ಮ ಒಂದು ವೇಳಾಪಟ್ಟಿ ಮಾಡಿ ಗಂಡನ ವಕೀಲರಿಗೆ ಪತ್ರ ಬರೆಯುತ್ತಾಳೆ. ಇಂಥ ಪತ್ರಗಳು ಈಗ ಹೊಸದಲ್ಲ. ಆದರೆ ಅದರಲ್ಲಿ ಏನಿರಬೇಕು, ಅದನ್ನು ಯಾರ ಕೈಯಲ್ಲಿ ಕಳಿಸಬೇಕು, ಅದಕ್ಕೆ ಕಾನೂನಿನ ಬಲ ಎಷ್ಟು ಅನ್ನುವುದರಲ್ಲಿ ಗೊಂದಲ ಜಾಸ್ತಿ. ಸ್ವಲ್ಪ ಹಿಂದಿನಿಂದ ನೋಡಿದರೆ ಆ ಗೊಂದಲ ಅರ್ಥವಾಗುತ್ತದೆ.

ನಮ್ಮ ಕಾನೂನಿನಲ್ಲಿ ಮಗುವಿನ ರಜೆ ಅನ್ನುವ ಮಾತೇ ಇರಲಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಮಗುವಿನ ಪೋಷಕ ಯಾರು ಅಂತ ಕೇಳಿತು. 1956ರ ಹಿಂದೂ ಕಾಯ್ದೆ ಮೊದಲ ಪೋಷಕ ತಂದೆ, ಅವನ ನಂತರ ತಾಯಿ ಅಂದಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಲೂ ಸೇರಿಸಿತು. ಮಕ್ಕಳು ಅಪ್ಪ ಅಮ್ಮನ ಸೊತ್ತಲ್ಲ, ಆಟಿಕೆಯೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ತಾಯಿಯೂ ಪೋಷಕಳಾಗಿ ನಿಲ್ಲಬಹುದು ಅಂತ ಆಯಿತು. ಆದರೆ ಈ ದಾರಿಯುದ್ದಕ್ಕೂ ಜಗಳ ಒಂದೇ ಆಗಿತ್ತು: ಮಗು ಯಾರಿಗೆ? ಸೋತವರಿಗೆ ಉಳಿಯುತ್ತಿದ್ದದ್ದು ಭೇಟಿ ಮಾತ್ರ. ಭೇಟಿ ಅಂದರೆ ಎಷ್ಟೋ ಸಲ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಒಂದೆರಡು ಗಂಟೆ. ಬಿಸ್ಕೆಟ್ ಪೊಟ್ಟಣ ಹಿಡಿದು ಕೂತ ಅಪ್ಪ, ಬಾಗಿಲ ಕಡೆಗೇ ನೋಡುವ ಮಗು. ಇದನ್ನು ಅಪ್ಪ ಮಗಳ ಒಡನಾಟ ಅಂತ ಕರೆಯೋದು ಕಷ್ಟ.

ಕರ್ನಾಟಕದಲ್ಲಿ ಈ ಮಾತು ಬೇರೆ ದಿಕ್ಕಿಗೆ ತಿರುಗಿದ್ದು 2013ರಲ್ಲಿ. ಹನ್ನೆರಡು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ನಮ್ಮ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅಪ್ಪ ಅಮ್ಮ ಇಬ್ಬರಿಗೂ ಜಂಟಿಯಾಗಿ ಪಾಲನೆ ಕೊಟ್ಟಿತು. ವರ್ಷದ ಮೊದಲ ಆರು ತಿಂಗಳು ತಂದೆಯ ಹತ್ತಿರ, ಉಳಿದ ಆರು ತಿಂಗಳು ತಾಯಿಯ ಹತ್ತಿರ. ಮಗು ಒಬ್ಬರ ಮನೆಯಲ್ಲಿದ್ದಾಗ ಇನ್ನೊಬ್ಬರು ಶನಿವಾರ, ಭಾನುವಾರ ನೋಡಬಹುದು. ಫೋನ್, ವಿಡಿಯೊದಲ್ಲಿ ಮಾತಾಡಬಹುದು. ಓದಿನ ಖರ್ಚು ಸಮಸಮ. ಆರಾರು ತಿಂಗಳ ಈ ಹಂಚಿಕೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಬೇರೆ ಊರಲ್ಲಿ ಶಾಲೆ ಇದ್ದರೆ ಸಾಧ್ಯವೇ ಇಲ್ಲ. ಆದರೆ ಆ ಆದೇಶದ ಮಹತ್ವ ಬೇರೆಯೇ ಇದೆ. ಮಗು ಯಾರಿಗೆ ಅನ್ನುವುದರ ಜೊತೆಗೆ, ಯಾವ ತಿಂಗಳು, ಯಾವ ವಾರ, ಯಾವ ಫೋನು ಅನ್ನುವಷ್ಟು ವಿವರಕ್ಕೆ ಕೋರ್ಟು ಇಳಿಯಿತು.

2015ರಲ್ಲಿ ಕಾನೂನು ಆಯೋಗದ 257ನೇ ವರದಿ ಈ ಆದೇಶವನ್ನು ಎತ್ತಿ ಹೇಳಿತು. ಅಪ್ಪ ಅಮ್ಮ ಸೇರಿ ಪಾಲನೆಯ ಯೋಜನೆ ಮಾಡಿಕೊಳ್ಳಲು ದಾರಿ ಬೇಕು ಅಂದಿತು. ಸಂಸತ್ತು ಆ ಶಿಫಾರಸನ್ನು ಇಂದಿಗೂ ಕಾಯ್ದೆ ಮಾಡಿಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪಾಲನೆ ಸಿಗದವರಿಗೆ ಭೇಟಿ ಕೊಟ್ಟರಷ್ಟೇ ಸಾಲದು, ದಿನಾ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವ ಅವಕಾಶವೂ ಬೇಕು ಅಂದಿತು. ಅಮ್ಮಂದಿರು ವಕೀಲರಿಗೆ ಬರೆಯುವ ಪತ್ರ ಇಂಥ ಆದೇಶಗಳ ನೆರಳಿನಲ್ಲೇ ಬೆಳೆದದ್ದು. ಕಾಯ್ದೆ ನಮೂನೆ ಕೊಡಲಿಲ್ಲ, ಹಾಗಾಗಿ ಜನ ತಾವೇ ಬರೆದುಕೊಂಡರು.

ಈಗ ಪತ್ರಕ್ಕೆ ಬರೋಣ. ಮೊದಲ ತೊಡಕು ವಿಳಾಸದ್ದೇ. ಅಮ್ಮನಿಗೂ ವಕೀಲರಿದ್ದರೆ, ಗಂಡನ ವಕೀಲರು ಅವಳ ಜೊತೆ ನೇರವಾಗಿ ಮಾತುಕತೆ ನಡೆಸುವಂತಿಲ್ಲ. ವಕೀಲರ ಪರಿಷತ್ತಿನ ನಡತೆಯ ನಿಯಮ ಅದನ್ನು ತಡೆಯುತ್ತದೆ. ಎದುರು ಪಕ್ಷದವರನ್ನು ಅವರ ವಕೀಲರ ಮೂಲಕವೇ ಸಂಪರ್ಕಿಸಬೇಕು. ಹಾಗಾಗಿ ಪತ್ರವನ್ನು ಅಮ್ಮನೇ ಬರೆದರೂ ಅವಳ ವಕೀಲರ ಕೈಯಿಂದ ಹೋಗಬೇಕು. ಅವಳಿಗೆ ವಕೀಲರಿಲ್ಲದಿದ್ದರೆ ನೇರವಾಗಿ ಕಳಿಸಬಹುದು. ಕೌಟುಂಬಿಕ ನ್ಯಾಯಾಲಯದಲ್ಲಿ ಎಷ್ಟೋ ಹೆಂಗಸರು ವಕೀಲರಿಲ್ಲದೆಯೇ ಕೇಸು ನಡೆಸುತ್ತಾರೆ. 1984ರ ಕಾಯ್ದೆ ಆ ನ್ಯಾಯಾಲಯವನ್ನು ಕಟ್ಟಿದ್ದೇ ಹಾಗೆ.

ಎರಡನೇ ತೊಡಕು ತಾರೀಖುಗಳದ್ದು. 'ರಜೆಯ ಅರ್ಧ ಅಪ್ಪನಿಗೆ' ಅಂತ ಒಂದು ಸಾಲು ಬರೆದರೆ ಅದು ಸಮಾಧಾನದ ಹಾಗೆ ಕಾಣುತ್ತದೆ. ಮೊದಲ ಅರ್ಧವೋ ಎರಡನೆಯದೋ? ಮಧ್ಯದ ದಿನ ಯಾವುದು? ಬೆಳಗ್ಗೆಯೋ ಸಂಜೆಯೋ? ಹೆಚ್ಚಿನ ಜಗಳ ಹುಟ್ಟೋದು ಇಲ್ಲಿ. ತಾರೀಖು ಬರೆದರೂ ಪೂರ್ತಿ ಕ್ಷೇಮವಲ್ಲ. 2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಶಿಕ್ಷಕರು ಸಮೀಕ್ಷೆಯ ಕೆಲಸದಲ್ಲಿ ಇದ್ದರು. ಹಾಗಾಗಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅದು 18ರವರೆಗೆ ಮುಂದುವರೆಯಿತು. ತಾರೀಖು ನಂಬಿದ ವೇಳಾಪಟ್ಟಿ ಅಲ್ಲೇ ಕುಸಿಯುತ್ತದೆ. ಶಾಲೆ ಮುಚ್ಚಿದ ದಿನದಿಂದ ಎಣಿಸಿದ ವೇಳಾಪಟ್ಟಿಗೆ ಅಷ್ಟು ತೊಂದರೆ ಇಲ್ಲ. ರಾಜ್ಯ ಪಠ್ಯಕ್ರಮದ ಶಾಲೆ, ಸಿಬಿಎಸ್‌ಇ ಶಾಲೆಗಳ ರಜೆಯೂ ಒಂದೇ ಆಗಿರುವುದಿಲ್ಲ. ಹಾಗಾಗಿ ಮಗುವಿನ ಶಾಲೆ ಕೊಟ್ಟ ಕ್ಯಾಲೆಂಡರ್‌ನ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಬೇಕು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಅಮ್ಮ, ಮಗಳು ಶಿವಮೊಗ್ಗದಲ್ಲಿ. ಅಪ್ಪ ಬೆಂಗಳೂರಿನಲ್ಲಿ. ನಡುವೆ ಸುಮಾರು 300 ಕಿಲೋಮೀಟರ್. ಮಗಳು ಒಂದು ವರ್ಷದಿಂದ ಅಪ್ಪನ ಮನೆಯಲ್ಲಿ ರಾತ್ರಿ ಮಲಗಿಲ್ಲ. ಇಲ್ಲಿ ಎರಡು ವಾರ ಒಟ್ಟಿಗೆ ಕಳಿಸುವುದು ಸರಿಯಲ್ಲ, ಕಳಿಸದೇ ಇರುವುದೂ ಸರಿಯಲ್ಲ. ಹಾಗಾಗಿ ಅಮ್ಮ ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತಾಳೆ. ದಸರಾ ರಜೆಯಲ್ಲಿ ಶಾಲೆ ಮುಚ್ಚಿದ ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಹೊರಟು ಮೂರು ರಾತ್ರಿ. ಆಮೇಲೆ ಅಮ್ಮನ ಹತ್ತಿರ ಕೆಲವು ದಿನ. ಆಯುಧ ಪೂಜೆ, ವಿಜಯದಶಮಿ ಈ ವರ್ಷ ಅಮ್ಮನ ಮನೆಯಲ್ಲಿ, ಮುಂದಿನ ವರ್ಷ ಅಪ್ಪನ ಮನೆಯಲ್ಲಿ. ನಂತರ ನಾಲ್ಕು ರಾತ್ರಿ ಮತ್ತೆ ಅಪ್ಪನ ಹತ್ತಿರ. ಶಾಲೆ ತೆರೆಯುವ ಎರಡು ದಿನ ಮೊದಲೇ ಮಗಳು ಶಿವಮೊಗ್ಗಕ್ಕೆ ವಾಪಸ್.

ಬೇಸಿಗೆಗೆ ಅವಳು ಇನ್ನೂ ಉದ್ದ ಮಾಡುತ್ತಾಳೆ. ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಅಂದುಕೊಂಡರೆ 48 ದಿನ. ಮೊದಲು ಹತ್ತು ರಾತ್ರಿ, ನಡುವೆ ಒಂದು ವಾರ ಅಮ್ಮನ ಹತ್ತಿರ, ಆಮೇಲೆ ಹದಿನಾಲ್ಕು ರಾತ್ರಿ. ಒಟ್ಟು 24. ಲೆಕ್ಕದಲ್ಲಿ ಅರ್ಧ ಸಿಕ್ಕಿತು, ಆದರೆ ಮಗಳಿಗೆ ಒಂದೇ ಉಸಿರಿನಲ್ಲಿ 24 ರಾತ್ರಿ ಆಗಲಿಲ್ಲ. ದಸರಾದಲ್ಲಿ ಅಪ್ಪನ ಮನೆ ಅಭ್ಯಾಸವಾಗಿದ್ದರೆ ಬೇಸಿಗೆ ಸುಲಭ. ಅಲ್ಲಿ ಅವಳು ಊಟ ಬಿಟ್ಟಳು, ನಿದ್ದೆ ಮಾಡಲಿಲ್ಲ ಅಂದರೆ ಬೇಸಿಗೆಯ ಮೊದಲ ಹತ್ತನ್ನು ಏಳಕ್ಕೆ ಇಳಿಸೋಣ ಅಂತ ಪತ್ರದಲ್ಲೇ ಬರೆದಿಡಬಹುದು.

ಉಳಿದದ್ದು ಸಣ್ಣ ವಿಷಯಗಳು, ಆದರೆ ಕೆಡುವುದು ಅಲ್ಲೇ. ಕರೆದೊಯ್ಯುವಾಗ ಅಪ್ಪ ಶಿವಮೊಗ್ಗಕ್ಕೆ ಬರಬೇಕು, ವಾಪಸ್ ತರಲು ಅಮ್ಮ ಬೆಂಗಳೂರಿಗೆ ಹೋಗಬೇಕು. ಇದರಿಂದ ಪ್ರಯಾಣದ ಭಾರ ಹಂಚಿಹೋಗುತ್ತದೆ. ಮಗುವನ್ನು ಒಪ್ಪಿಸುವ ಜಾಗ ಯಾರ ಮನೆಯ ಬಾಗಿಲೂ ಆಗದಿದ್ದರೆ ಒಳ್ಳೆಯದು. ರೈಲು ನಿಲ್ದಾಣದ ಪ್ರವೇಶ ದ್ವಾರ ಸಾಕು. ರೈಲು ತಡವಾದರೆ ಎರಡು ಗಂಟೆ ಕಾಯಬೇಕು, ಅದಕ್ಕೂ ಮೀರಿದರೆ ಫೋನು ಮಾಡಿ ಮರುದಿನಕ್ಕೆ ಹಾಕಬೇಕು. ಮಗು ಒಬ್ಬರ ಹತ್ತಿರ ಇದ್ದಾಗ ಇನ್ನೊಬ್ಬರ ಜೊತೆ ಫೋನಿನಲ್ಲಿ ಮಾತು ಸಂಜೆ ಏಳೂವರೆಗೆ, ಹತ್ತು ನಿಮಿಷ. ಅಪ್ಪನಿಗೆ ಆಫೀಸು ಇರುವ ದಿನ ಮಗು ಯಾರ ಹತ್ತಿರ ಅನ್ನುವುದು ಇನ್ನೂ ಮುಖ್ಯ. ಅಜ್ಜಿ ನೋಡಿಕೊಳ್ಳುತ್ತಾರೆ ಅಂದರೆ ತೊಂದರೆ ಇಲ್ಲ, ಅಜ್ಜಿಯ ಮನೆಯೂ ಮಗುವಿನದೇ ಅಲ್ವಾ? ಆದರೆ ಮೂರು ದಿನಕ್ಕಿಂತ ಜಾಸ್ತಿ ಅಪ್ಪ ಊರಲ್ಲೇ ಇರುವುದಿಲ್ಲ ಅಂತಾದರೆ ಮೊದಲೇ ತಿಳಿಸಬೇಕು ಅಂತ ಒಂದು ಸಾಲು ಬೇಕು.

ಪತ್ರದಲ್ಲಿ ಬರಬಾರದ್ದು ಎರಡು. ಒಂದು, ಹಳೆಯ ದೂರು. ಅದಕ್ಕೆ ಕೇಸಿನಲ್ಲಿ ಜಾಗ ಇದೆ. ಇನ್ನೊಂದು, ಜೀವನಾಂಶ. ಬಾಕಿ ಕೊಟ್ಟರೆ ಮಾತ್ರ ಕಳಿಸುತ್ತೇನೆ ಅಂತ ಬರೆದ ಕೂಡಲೇ ಮಗಳ ರಜೆ ದುಡ್ಡಿನ ಒತ್ತೆಯಾಗುತ್ತದೆ. ನ್ಯಾಯಾಧೀಶರೂ ಅದನ್ನು ಹಾಗೆಯೇ ಓದುತ್ತಾರೆ. ಬಾಕಿ ವಸೂಲಿಗೆ ಬೇರೆ ಅರ್ಜಿ ಹಾಕುವುದು ಸರಿಯಾದ ದಾರಿ. ಆ ಅಮ್ಮನ ಕಷ್ಟ ಸಣ್ಣದಲ್ಲ, ಅದು ಗೊತ್ತು. ಬಾಡಿಗೆ, ಶಾಲೆ ಶುಲ್ಕ ಎರಡನ್ನೂ ಒಬ್ಬಳೇ ಹೊತ್ತಿರುತ್ತಾಳೆ. ಆದರೂ ಆ ಸಾಲು ಅವಳ ವೇಳಾಪಟ್ಟಿಯನ್ನೇ ದುರ್ಬಲ ಮಾಡುತ್ತದೆ.

ಇನ್ನು ಪತ್ರದ ಮೇಲೆ 'ವಿತೌಟ್ ಪ್ರಿಜುಡೀಸ್', ಅಂದರೆ ನನ್ನ ಹಕ್ಕಿಗೆ ಬಾಧೆ ಬಾರದಂತೆ, ಅಂತ ಬರೆಯುವ ರೂಢಿ. ಇದನ್ನು ಸುಮ್ನೆ ಬರೆಯುವವರು ಬಹಳ. ಆ ಮಾತಿನ ಅಡಿಯಲ್ಲಿ ರಾಜಿಗಾಗಿ ಹೇಳಿದ್ದನ್ನು ಮುಂದೆ ಒಪ್ಪಿಗೆ ಅಂತ ಕೋರ್ಟಿನಲ್ಲಿ ಅವಳ ವಿರುದ್ಧ ಬಳಸುವುದು ಕಷ್ಟ. ರಕ್ಷಣೆ ಅದು. ಆದರೆ ಅದೇ ಪತ್ರವನ್ನು ತೋರಿಸಿ 'ನಾನು ಕೊಡಲು ಸಿದ್ಧಳಿದ್ದೆ, ಅವರೇ ಒಪ್ಪಲಿಲ್ಲ' ಅಂತ ಅವಳು ಹೇಳಲು ಹೋದರೂ ಅದು ಅಡ್ಡ ಬರುತ್ತದೆ. ಹಾಗಾಗಿ ತಿಳಿದ ವಕೀಲರು ಎರಡು ಕಾಗದ ಮಾಡಿಸುತ್ತಾರೆ. ವೇಳಾಪಟ್ಟಿ ಮಾತ್ರ ಇರುವ, ಆ ಪದಗಳಿಲ್ಲದ ತೆರೆದ ಪತ್ರ ಒಂದು. ಪಾಲನೆ, ಹಣ, ವಿಚ್ಛೇದನ ಎಲ್ಲ ಸೇರಿದ ರಾಜಿ ಪ್ರಸ್ತಾಪ ಇನ್ನೊಂದು, ಆ ಎರಡು ಪದಗಳ ಕೆಳಗೆ.

ಉತ್ತರಕ್ಕೆ ಹದಿನೈದು ದಿನ ಕೊಡುವುದು ವಾಡಿಕೆ. ಪತ್ರ ಮಾತ್ರ ರಜೆಗೆ ಎರಡು ತಿಂಗಳು ಮುಂಚೆ ಹೋಗಬೇಕು. ಮೇ ತಿಂಗಳಲ್ಲಿ ಹೈಕೋರ್ಟಿಗೂ ರಜೆ ಇರುತ್ತದೆ ಅನ್ನುವುದು ನೆನಪಿರಲಿ. ಒಪ್ಪಿಗೆ ಬಂದರೆ ಅದು ಎರಡೂ ಕಡೆಯ ಸಹಿಯ ಜಂಟಿ ಮೆಮೊ ಆಗಿ ಕೋರ್ಟಿಗೆ ಹೋಗುತ್ತದೆ. ಅದರ ಮೇಲೆ ಆದೇಶ ಆಗುವವರೆಗೆ ಪತ್ರ ಬರೀ ಪತ್ರ. ಬೆಂಗಳೂರಿನಲ್ಲಿ ಕೇಸಿದ್ದರೆ, 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರದ ಮುಂದೆಯೂ ಇದೇ ವೇಳಾಪಟ್ಟಿಯನ್ನು ಇಟ್ಟು ಕೂರಬಹುದು. ಉತ್ತರ ಬರದಿದ್ದರೆ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಿ ತೆರೆದ ಪತ್ರವನ್ನು ಅದಕ್ಕೆ ಲಗತ್ತಿಸಬಹುದು. ಆ ಕಲಮಿನ ಆದೇಶ ಕೊನೆಯದಲ್ಲ. ಮಗಳು ಬೆಳೆದ ಹಾಗೆ, ಶಾಲೆ ಬದಲಾದ ಹಾಗೆ ಯಾವ ಕಡೆಯವರೂ ಅದನ್ನು ಬದಲಿಸಲು ಮತ್ತೆ ಕೇಳಬಹುದು.