ಟ್ರೈನಿಂಗಿನಿಂದ ಸಂಬಳ ಏರಿತಾ? ಜೋಡಿ ಹುಡುಕುವ ಲೆಕ್ಕದ ಹಿಂದಿನ ಕತೆ

ಉಡುಪಿಯಲ್ಲಿ ಒಂದು ಉದ್ಯೋಗ ತರಬೇತಿಯ ಲೆಕ್ಕ ನೋಡಿಕೊಡಿ ಅಂತ ನನ್ನನ್ನು ಕರೆದಿದ್ರು. ಅರ್ಜಿಗಳ ಕಟ್ಟು ಬಿಚ್ಚಿ ನೋಡಿದ್ರೆ ಮಲ್ಪೆಯ ಸುಮಾರು ಹುಡುಗರು "ಕಳೆದ ತಿಂಗಳ ಆದಾಯ" ಅನ್ನುವ ಜಾಗದಲ್ಲಿ ಸೊನ್ನೆ ಬರೆದಿದ್ರು, ಅರ್ಜಿ ತುಂಬಿಸಿದ್ದು ಜುಲೈಯಲ್ಲಿ. ಆ ಸೊನ್ನೆ ನೋಡಿದ ಕೂಡಲೇ ನನಗೆ ನೆನಪಾದದ್ದು, ತರಬೇತಿಯಿಂದ ಆದಾಯ ನಿಜವಾಗಿ ಏರಿತಾ ಅಂತ ಲೆಕ್ಕ ಹಾಕೋದು ಹೇಗೆ ಅನ್ನುವ ಅಮೆರಿಕದ ಒಂದು ಹಳೇ ಜಗಳ.

1970ರ ದಶಕದ ನಡುವೆ ಅಲ್ಲಿ ನ್ಯಾಷನಲ್ ಸಪೋರ್ಟೆಡ್ ವರ್ಕ್ ಅಂತ ಒಂದು ಪ್ರೋಗ್ರಾಂ ನಡೀತು, ಕೆಲಸ ಸಿಗದೆ ಕಷ್ಟದಲ್ಲಿದ್ದವರಿಗೆ ಕೆಲಸದ ಅನುಭವ ಕೊಡ್ಲಿಕ್ಕೆ. ಅದ್ರಲ್ಲಿ ಯಾರಿಗೆ ಸೀಟು, ಯಾರಿಗಿಲ್ಲ ಅನ್ನೋದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡಿದ್ರು, ಹಾಗಾಗಿ ನಿಜವಾದ ಪರಿಣಾಮ ಎಷ್ಟು ಅಂತ ಗೊತ್ತುಂಟು. ಅರ್ಥಶಾಸ್ತ್ರಜ್ಞ ರಾಬರ್ಟ್ ಲಲೋಂಡ್ 1986ರಲ್ಲಿ ಎಂತ ಮಾಡಿದ್ರು ಅಂದ್ರೆ, ಚೀಟಿಯಲ್ಲಿ ಸೀಟು ಸಿಗದವರನ್ನು ಬದಿಗಿಟ್ಟು ಅವರ ಜಾಗಕ್ಕೆ ದೇಶದ ದೊಡ್ಡ ಸರ್ವೆಗಳಿಂದ ಜನರನ್ನು ತಂದು ಕೂರಿಸಿ, ಆಗಿನ ಲೆಕ್ಕದ ವಿಧಾನಗಳಿಗೆ ಸರಿ ಉತ್ತರ ಬರ್ತದಾ ಅಂತ ಪರೀಕ್ಷೆ ಮಾಡಿದ್ರು. ಒಂದೊಂದು ವಿಧಾನಕ್ಕೆ ಒಂದೊಂದು ಉತ್ತರ ಬಂತು.

ಬಾರದೆ ಇನ್ನೇನು ಮಾರಾಯ್ರೆ. ತರಬೇತಿಗೆ ಬಂದ ಗಂಡಸರಲ್ಲಿ 1974ರ ಸಂಪಾದನೆ ಗೊತ್ತಿರುವ 185 ಜನರ ಆ ವರ್ಷದ ಸರಾಸರಿ ಸುಮಾರು 2,100 ಡಾಲರ್, ಸರ್ವೆಗಳಲ್ಲಿ ಒಂದರವರದ್ದು 19,400. ಹಾಗೇ ಕಳೆದು ನೋಡಿದ್ರೆ ತರಬೇತಿಯಿಂದ ವರ್ಷಕ್ಕೆ 15,000 ಡಾಲರ್ ನಷ್ಟ ಅಂತ ಬರ್ತದೆ, ಚೀಟಿ ಎತ್ತಿದ ಲೆಕ್ಕದಲ್ಲಿ ಸುಮಾರು 1,800 ಲಾಭ.

ಇದಕ್ಕೆ ಒಂದು ದಾರಿಯನ್ನು ಸಂಖ್ಯಾಶಾಸ್ತ್ರಜ್ಞರಾದ ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲೇ ಹೇಳಿ ಆಗಿತ್ತು. ವಯಸ್ಸು, ಓದು, ಮದುವೆ, ಹಿಂದಿನ ಆದಾಯ ಎಲ್ಲ ಸೇರಿಸಿ "ಇಂಥವರು ತರಬೇತಿಗೆ ಬರುವ ಸಾಧ್ಯತೆ ಎಷ್ಟು" ಅಂತ ಪ್ರತಿಯೊಬ್ಬರಿಗೂ ಒಂದು ನಂಬರ್ ಹಾಕೋದು, ಅದೇ ಪ್ರೊಪೆನ್ಸಿಟಿ ಸ್ಕೋರ್, ಆಮೇಲೆ ಹತ್ತಿರದ ನಂಬರಿನವರನ್ನು ಜೋಡಿ ಮಾಡೋದು. 1999ರಲ್ಲಿ ದೆಹೇಜಿಯಾ ಮತ್ತು ವಾಬಾ ಇದೇ ದಾರಿ ಹಿಡಿದು 1,800ಕ್ಕೆ ಹತ್ತಿರದ ಉತ್ತರ ತಂದ್ರು, ತುಂಬ ಜನ ಇನ್ನು ತೊಂದರೆ ಇಲ್ಲ ಅಂದ್ಕೊಂಡ್ರು. ಆದ್ರೆ 2005ರಲ್ಲಿ ಸ್ಮಿತ್ ಮತ್ತು ಟಾಡ್ ತೋರಿಸಿದ್ದು, ಆ ಉತ್ತರ ಅವರು ಆರಿಸಿಕೊಂಡ ಜನರ ಗುಂಪಿಗೆ ಮಾತ್ರ ಸರಿ, ಗುಂಪು ಸ್ವಲ್ಪ ಬದಲಾದ್ರೆ ಉತ್ತರವೂ ಜಾರ್ತದೆ ಅಂತ.

ನನ್ನ ಮಟ್ಟಿಗೆ ಇಲ್ಲಿ ಜೋಡಿ ಮಾಡೋದಕ್ಕಿಂತ ದೊಡ್ಡ ಕೆಲಸ ಅಂದ್ರೆ ಜೋಡಿ ಸರಿ ಕೂತಿದೆಯಾ ಅಂತ ನೋಡೋದು. ಆರ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಳಸುವವರಿಗೆ `MatchIt` ಪ್ಯಾಕೇಜ್ ಜೊತೆಗೆ ಇದೇ ಡೇಟಾದ ಒಂದು ತುಂಡು ಸಿಗ್ತದೆ, ಕಣ್ಣಾರೆ ನೋಡ್ಬಹುದು:

```
library(MatchIt)
m <- matchit(treat ~ age + educ + race + married +
       nodegree + re74 + re75, data = lalonde)
summary(m)
```

ತರಬೇತಿಯ 185 ಜನರಿಗೆ 185 ಜೋಡಿ ಸಿಕ್ತು ಅಂತ ಬರ್ತದೆ, ಖುಷಿ ಆಗ್ತದೆ. ಆದ್ರೆ `race` ಸಾಲು ನೋಡಿ. ತರಬೇತಿಯವರಲ್ಲಿ ಕಪ್ಪು ಜನಾಂಗದವರು ನೂರಕ್ಕೆ 84, ಜೋಡಿಗಳಲ್ಲಿ 47 ಮಾತ್ರ. ಕಾರಣ ಸುಲಭ, ತರಬೇತಿ ಕಡೆ ಅವರು 156 ಜನ, ಸರ್ವೆ ಕಡೆ ಒಟ್ಟು ಇರೋದೇ 87. ಒಬ್ಬರನ್ನು ಒಂದೇ ಸಲ ಬಳಸ್ಬೇಕು ಅಂತ ಹೇಳಿದ್ರೆ ಉಳಿದ 69 ಜನರಿಗೆ ಕಂಪ್ಯೂಟರ್ ಎಲ್ಲಿಂದ ತರ್ತದೆ, ಯಾರ್ಯಾರನ್ನೋ ಕಟ್ಟಿಬಿಡ್ತದೆ.

ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ನಿಂದ ಭಾಗಿಸಿದ್ರೆ 0.1ರ ಒಳಗೆ ಇರ್ಬೇಕು ಅನ್ನೋದು ರೂಢಿಯ ಅಳತೆ, ಇಲ್ಲಿ ಅದು 1ರ ಹತ್ತಿರ ಉಂಟು. ಕೆಲವರು ಇದಕ್ಕೆ ಟಿ-ಟೆಸ್ಟ್ ಮಾಡ್ತಾರೆ, ಅದು ಬೇಡ, ಜನ ಕಡಿಮೆ ಆದ ಹಾಗೆ ವ್ಯತ್ಯಾಸ ಹಾಗೇ ಇದ್ರೂ ಟೆಸ್ಟ್ ಪಾಸ್ ಆಗಿಬಿಡ್ತದೆ. ಎರಡು ಗುಂಪು ಹೀಗೆ ಸಮ ಆಗದಿದ್ರೆ, ಅಂದ್ರೆ ಬ್ಯಾಲೆನ್ಸ್ ಬಾರದಿದ್ರೆ, ಒಬ್ಬರನ್ನೇ ಹಲವು ಸಲ ಬಳಸ್ಲಿಕ್ಕೆ `replace = TRUE` ಕೊಡ್ಬೇಕು, ಇಲ್ಲಾ ಜೋಡಿ ಇಲ್ಲದವರನ್ನು ಬಿಡ್ಬೇಕು, ಬಿಟ್ರೆ ಉತ್ತರ ಉಳಿದವರದ್ದು ಮಾತ್ರ ಅಂತ ಸ್ಪಷ್ಟವಾಗಿ ಬರೀಬೇಕು. ಇಷ್ಟೆಲ್ಲ ಸಂಬಳದ ಫಲಿತಾಂಶ ತೆರೆದು ನೋಡುವ ಮೊದಲೇ ಆಗ್ಬೇಕು.

ಇನ್ನು ಮಲ್ಪೆಯ ಸೊನ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲಿ, ಬೋಟಿಗೆ ಹೋಗುವ ಹುಡುಗನ ಆದಾಯ ಸೊನ್ನೆ. ಅವನನ್ನು ವರ್ಷವಿಡೀ ಕೆಲಸ ಇಲ್ಲದ ಇನ್ನೊಬ್ಬನ ಜೊತೆ ಕಟ್ಟಿದ್ರೆ ಆದಾಯದ ಸಾಲು ಚಂದ ಬ್ಯಾಲೆನ್ಸ್ ಆಗ್ತದೆ, ಆದ್ರೆ ಆಗಸ್ಟ್ ಬಂದ ಮೇಲೆ ಅವನು ತರಬೇತಿ ಇಲ್ಲದೆಯೂ ದುಡೀತಿದ್ದ. ಆ ಏರಿಕೆ ಪೂರ್ತಿ ತರಬೇತಿಯ ಖಾತೆಗೆ ಹೋಗ್ತದೆ. ತರಬೇತಿಗೆ ಸೇರುವ ಮುಂಚೆ ಜನರ ಆದಾಯ ಹೀಗೆ ತಾತ್ಕಾಲಿಕವಾಗಿ ಕುಸಿದಿರ್ತದೆ ಅಂತ ಅರ್ಥಶಾಸ್ತ್ರಜ್ಞ ಆಶೆನ್‌ಫೆಲ್ಟರ್ 1978ರಲ್ಲೇ ತೋರಿಸಿದ್ರು. ಹಾಗಾಗಿ ನಾನು ಜೋಡಿ ಮಾಡುವ ಕೆಲಸ ಅಲ್ಲಿಗೇ ನಿಲ್ಲಿಸಿ, ಎಲ್ಲರ ಹತ್ರ ಇನ್ನೊಮ್ಮೆ ಹೋಗಿ ಹಿಂದಿನ ಎರಡು ವರ್ಷದ ಆದಾಯ ಕೇಳ್ಕೊಂಡು ಬನ್ನಿ, ಬೋಟಿನವರಾದ್ರೆ ಸೀಸನ್ನಿಂದು ಬೇರೆ, ಮಳೆಗಾಲದ್ದು ಬೇರೆ ಬರೀರಿ ಅಂತ ಹೇಳಿ ಕಟ್ಟು ವಾಪಸ್ ಕೊಟ್ಟೆ.