ಫೋಟೋ ಡೇಟಾಬೇಸ್ ಒಳಗಾ, ಡಿಸ್ಕ್ ಮೇಲಾ? ನಾನು ಎಡವಿದ ಜಾಗ

ಬೀದರಿನಲ್ಲಿ ನಮ್ಮ ಕಾಕಾನ ಬಿದ್ರಿ ಅಂಗಡಿ ಇದೆ. ಅದಕ್ಕೊಂದು ಕ್ಯಾಟಲಾಗ್ ಸೈಟ್ ಮಾಡುತ್ತಾ ಕಲಿತದ್ದು ಇದು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಫೋಟೋಗಳನ್ನೆಲ್ಲ MySQL ಟೇಬಲ್‌ನ `BLOB` ಕಾಲಂಗೇ ತುಂಬಿದೆ. ವಾಟ್ಸಾಪ್‌ನಲ್ಲಿ ಬಂದ ಸುರಾಹಿಯ ಫೋಟೋ, 190 ಕೆಬಿ. ತೆರೆದು ನೋಡಿದರೆ ಸುರಾಹಿಯ ಕತ್ತು ಮಾತ್ರ ಕಾಣುತ್ತಿದೆ, ಕೆಳಗೆಲ್ಲ ಬೂದಿ ಬಣ್ಣ! `BLOB` ಹಿಡಿಯುವುದೇ 65,535 ಬೈಟ್. ಸ್ಟ್ರಿಕ್ಟ್ ಮೋಡ್ ಇದ್ದಿದ್ದರೆ ಎರರ್ ಬರುತ್ತಿತ್ತು, ನನ್ನ ಸರ್ವರ್‌ನಲ್ಲಿ ಅದು ಆಫ್ ಇತ್ತು, ಸುಮ್ನೆ ಕತ್ತರಿಸಿಬಿಟ್ಟಿದೆ. `MEDIUMBLOB` ಹಾಕಿದರೆ 16 ಎಂಬಿವರೆಗೆ ಹಿಡಿಯುತ್ತದೆ, ಅಲ್ಲಿಗೆ ಆ ತೊಂದರೆ ಮುಗಿಯಿತು.

ಆಮೇಲೆ ಲೆಕ್ಕ ಹಾಕಿದೆ. 400 ವಸ್ತು, ತಲಾ 3 ಫೋಟೋ, ಕ್ಯಾಮೆರಾದ್ದಾದರೆ ಒಂದೊಂದು ಸುಮಾರು 2.5 ಎಂಬಿ. ಒಟ್ಟು 3 ಜಿಬಿ. ಹೆಸರು, ಬೆಲೆ, ಅಳತೆ ಎಲ್ಲ ಸೇರಿದರೂ 1 ಎಂಬಿ ಆಗಲ್ಲ, ಆದರೂ ಪ್ರತಿ ಸಲ ಡಂಪ್ ತೆಗೆದಾಗ ಆ 3 ಜಿಬಿಯನ್ನೂ ಹೊರಬೇಕು. ಹಾಗಾಗಿ ಫೋಟೋ ಡಿಸ್ಕ್‌ಗೆ, ದಾರಿ ಮಾತ್ರ ಟೇಬಲ್‌ಗೆ:

```
INSERT INTO photos (item_id, path)
VALUES (41, '2024/a7f3c9.jpg');
```

ಪೂರ್ತಿ ದಾರಿ ಬರೆಯಬೇಡಿ, ಸರ್ವರ್ ಬದಲಾದ ದಿನ ಎಲ್ಲಾ ಸಾಲು ತಿದ್ದಬೇಕಾಗುತ್ತದೆ. ಜನ ಕೊಟ್ಟ ಫೈಲ್ ಹೆಸರೂ ಬೇಡ, ಇಬ್ಬರು `IMG_001.jpg` ಕಳಿಸಿದರೆ ಒಂದು ಹೋಯಿತು ಅಂತಲೇ.

ಈಗ ನನ್ನ ತಲೆ ತಿಂದ ವಿಷಯ. ಒಳಗಿದ್ದಾಗ ಸಾಲು ಮತ್ತು ಫೋಟೋ ಒಂದೇ ಟ್ರಾನ್ಸಾಕ್ಷನ್, ಆಗುವುದಾದರೆ ಎರಡೂ ಆಗುತ್ತದೆ, ಇಲ್ಲದಿದ್ದರೆ ಎರಡೂ ಇಲ್ಲ. ಹೊರಗಿಟ್ಟರೆ ಅವು ಎರಡು ಬೇರೆ ಕೆಲಸ. ನಡುವೆ ಕರೆಂಟ್ ಹೋದರೆ? ಸಾಲು ಮೊದಲು ಬರೆದಿದ್ದರೆ, ಇಲ್ಲದ ಫೈಲನ್ನು ತೋರಿಸುವ ಸಾಲು ಉಳಿಯುತ್ತದೆ, ಗಿರಾಕಿಗೆ ಮುರಿದ ಚಿತ್ರ ಕಾಣುತ್ತದೆ. ಫೈಲ್ ಮೊದಲು ಬರೆದಿದ್ದರೆ ಯಾರಿಗೂ ಸೇರದ ಫೈಲೊಂದು ಡಿಸ್ಕ್‌ನಲ್ಲಿ ಬಿದ್ದಿರುತ್ತದೆ ಅಷ್ಟೇ, ಯಾರಿಗೂ ಕಾಣಲ್ಲ. ಎರಡನೇದೇ ವಾಸಿ ಅಲ್ವಾ? ಆದ್ದರಿಂದ ಸೇರಿಸುವಾಗ ಫೈಲ್ ಮೊದಲು, ಸಾಲು ಆಮೇಲೆ. ಅಳಿಸುವಾಗ ಉಲ್ಟಾ: ಸಾಲು ಮೊದಲು, ಕಮಿಟ್ ಆದ ಮೇಲೆ ಫೈಲ್. ನಾನು ಎರಡಕ್ಕೂ ಒಂದೇ ಕ್ರಮ ಇಟ್ಟು ಎರಡು ದಿನ ಒದ್ದಾಡಿದೆ. ಫೋಟೋ ಬದಲಿಸುವಾಗಲೂ ಹಳೆಯ ಫೈಲ್ ಮೇಲೆ ಬರೆಯಬಾರದು. ಹೊಸ ಹೆಸರಲ್ಲಿ ಇಟ್ಟು, ಸಾಲು ತಿದ್ದಿ, ಆಮೇಲೆ ಹಳೆಯದನ್ನು ತೆಗೆಯಬೇಕು.

ಹೀಗೆ ಅನಾಥವಾಗಿ ಉಳಿದ ಫೈಲ್‌ಗಳನ್ನು ರಾತ್ರಿ ಒಂದು ಸ್ಕ್ರಿಪ್ಟ್ ಗುಡಿಸುತ್ತದೆ. ಒಂದು ದಿನಕ್ಕಿಂತ ಹಳೆಯದನ್ನು ಮಾತ್ರ. ಇಲ್ಲದಿದ್ದರೆ ಈಗಷ್ಟೇ ಅಪ್‌ಲೋಡ್ ಆಗಿ, ಸಾಲು ಇನ್ನೂ ಬರೆಯದ ಫೋಟೋವನ್ನೂ ಗುಡಿಸಿಬಿಡುತ್ತದೆ.

ಹಾಗಂತ ಒಳಗಿಡುವುದೇ ತಪ್ಪಲ್ಲ. SQLite ತನ್ನ ದಾಖಲೆಯಲ್ಲೇ, ಸುಮಾರು 100 ಕೆಬಿಗಿಂತ ಚಿಕ್ಕದಾದರೆ ಒಳಗಿಂದ ಓದುವುದೇ ಬೇಗ ಅನ್ನುತ್ತದೆ. ಕಾಕಾನ ಬಿಲ್‌ ಆ್ಯಪ್‌ನಲ್ಲಿ 8 ಕೆಬಿಯ ಸಹಿ ಚಿತ್ರಗಳಿವೆ, ಅವನ್ನು ಒಳಗೇ ಬಿಟ್ಟಿದ್ದೇನೆ.